ಕಪ್ ನಮ್ದೇ, ಮಾದೇ, ಮನದೇ



ಕೂಕಟ್‌ಪಲ್ಲಿಯಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಿಮಗೆ ಏಪ್ರಿಲ್ ತಿಂಗಳು ಬಂತೆಂದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಓದಿದ್ದು ಇಲ್ಲಿ, ತಿನ್ನುವುದು ಇಲ್ಲಿನ ಬಿರಿಯಾನಿ, ಚಪ್ಪಾಳೆ ಮಾತ್ರ ಬೆಂಗಳೂರಿಗಾ?" ಕೇಳುವವನು ಪಕ್ಕದ ಫ್ಲಾಟಿನ ಗೆಳೆಯ. ನಗುತ್ತಲೇ ಕೇಳುತ್ತಾನೆ. ನೀವು ಕೊಡುವ ಉತ್ತರದ ಮೇಲೆ ಅಂದಿನ ಸಂಜೆಯ ಬಣ್ಣ ನಿಂತಿರುತ್ತದೆ.

ಉಪ್ಪಲ್ ಸ್ಟೇಡಿಯಮ್ಮಿನಲ್ಲಿ ಹೈದರಾಬಾದ್ ಮತ್ತು ಬೆಂಗಳೂರು ಆಡುವ ದಿನ ಕೆಪಿಎಚ್‌ಬಿ ಕಾಲೋನಿಯ ಮೆಟ್ರೋ ನಿಲ್ದಾಣಕ್ಕೆ ಹೋಗಿ ನೋಡಿ. ಕಿತ್ತಳೆ ಬಣ್ಣದ ಅಂಗಿಯವರೂ ಕೆಂಪು ಅಂಗಿಯವರೂ ಒಂದೇ ಬೋಗಿ ಹತ್ತುತ್ತಾರೆ. ಅಮೀರ್‌ಪೇಟೆಯಲ್ಲಿ ಇಳಿದು ನಾಗೋಲ್ ಕಡೆಯ ಗಾಡಿ ಹಿಡಿಯಬೇಕು, ನಾಗೋಲಿಗೆ ಎರಡು ನಿಲ್ದಾಣ ಮೊದಲೇ 'ಸ್ಟೇಡಿಯಂ' ಎಂಬಲ್ಲಿ ಇಳಿಯಬೇಕು. ಅಷ್ಟು ದೂರ ಕಿಕ್ಕಿರಿದ ಗಾಡಿಯಲ್ಲಿ ಎದುರಾಳಿ ತಂಡದ ಅಭಿಮಾನಿಯ ಭುಜಕ್ಕೆ ಭುಜ ಒತ್ತಿಕೊಂಡೇ ನಿಲ್ಲಬೇಕು. ಹೋಗುವಾಗಿನ ಮಾತು ಸುಲಭ. ಒಬ್ಬರು ಸೋತು, ಒಬ್ಬರು ಗೆದ್ದು ಅದೇ ಗಾಡಿಯಲ್ಲಿ ಮರಳುವಾಗಿನ ಮಾತೇ ಕಷ್ಟ. ಕೀಟಲೆ ಎಷ್ಟು ಬೇಕಾದರೂ ಇರಲಿ, ಬೈಗುಳಕ್ಕೆ ತಿರುಗದಂತೆ ಅದನ್ನು ನಡೆಸುವುದು ಹೇಗೆ ಎಂಬುದನ್ನು ಈ ಎರಡು ತಂಡಗಳ ಕಥೆಯಿಂದಲೇ ನೋಡೋಣ.

ಲೆಕ್ಕದ ಪುಸ್ತಕ

ಈ ಎರಡು ಊರುಗಳ ನಡುವೆ ಕೀಟಲೆಗೆ ಸರಕು ಧಾರಾಳವಾಗಿದೆ. 2009ರ ಮೇ 24ರಂದು ಜೋಹಾನ್ಸ್‌ಬರ್ಗಿನಲ್ಲಿ ನಡೆದ ಐಪಿಎಲ್ ಫೈನಲ್ಲಿನಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 143 ರನ್ ಹೊಡೆದರು. ನಮ್ಮವರು 137ಕ್ಕೆ ನಿಂತರು. ಸೋಲು 6 ರನ್ನಿನಿಂದ. ಅಂದು ನಮ್ಮ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಪಡೆದು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಮತ್ತೆ 2016ರ ಮೇ 29ರಂದು, ಈ ಸಲ ನಮ್ಮದೇ ಚಿನ್ನಸ್ವಾಮಿ ಮೈದಾನದಲ್ಲಿ, ಸನ್‌ರೈಸರ್ಸ್ 208 ಹೊಡೆದರು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದಾಗ ಕಪ್ ಮನೆಗೇ ಬಂತು ಎಂದುಕೊಂಡೆವು. ಕೊನೆಗೆ 200ಕ್ಕೆ ನಿಂತು 8 ರನ್ನಿನಿಂದ ಸೋತೆವು. ಎರಡು ಫೈನಲ್, ಎರಡರಲ್ಲೂ ಎದುರಾಳಿ ಹೈದರಾಬಾದು.

ಹೀಗಾಗಿ ಗೆಳೆಯನ ಮೊದಲ ಬಾಣ ಯಾವಾಗಲೂ ಸಿದ್ಧ: "ಏಂಟ್ರಾ, ಕಪ್ ಎಕ್ಕಡ? ನಮ್ಮಲ್ಲಿ ಎರಡಿವೆ, ಎರಡೂ ನಿಮ್ಮಿಂದಲೇ ತಂದದ್ದು." ಇದಕ್ಕೆ ಸಿಟ್ಟು ಮಾಡಬೇಕಾಗಿಲ್ಲ. ಲೆಕ್ಕದ ಮಾತಿಗೆ ಲೆಕ್ಕದಲ್ಲೇ ಉತ್ತರವಿದೆ. "ಎರಡಲ್ಲಪ್ಪ, ಒಂದೇ. ಡೆಕ್ಕನ್ ಚಾರ್ಜರ್ಸ್ ಅಂಗಡಿ 2012ರಲ್ಲೇ ಬಾಗಿಲು ಹಾಕಿತು. ಪಕ್ಕದಂಗಡಿಯ ಬೋರ್ಡು ತಂದು ನಿನ್ನಂಗಡಿಗೆ ತೂಗುಹಾಕಬೇಡ." ಚಾರ್ಜರ್ಸ್ ಬೇರೆ ಒಡೆಯರ ತಂಡ, ಸನ್‌ರೈಸರ್ಸ್ 2013ರಿಂದ ಆಡಿದ ಹೊಸ ತಂಡ. ಆದ್ದರಿಂದ ನಿಮ್ಮ ಮಾತು ನಿಜವೂ ಹೌದು, ನಗೆಯೂ ಹೌದು. ಅವನೂ ಸುಮ್ಮನಿರುವುದಿಲ್ಲ: "ಬೋರ್ಡು ಬದಲಾಯಿತು, ಊರು ಬದಲಾಯಿತಾ?" ಎನ್ನುತ್ತಾನೆ. ಇಬ್ಬರಲ್ಲಿ ಯಾರದು ಸರಿ ಎಂದು ತೀರ್ಪು ಕೊಡಲು ಯಾರಿಂದಲೂ ಆಗದು. ಕೀಟಲೆಗೆ ಬೇಕಾದದ್ದು ಇಂಥ ವಿಷಯವೇ. ಎರಡು ಕಡೆಗೂ ಹೇಳಲು ಮಾತಿರಬೇಕು, ಸೋತವನಿಗೂ ಮುಂದಿನ ಸರದಿ ಉಳಿದಿರಬೇಕು.

ಇನ್ನೊಂದು ಗುಟ್ಟೆಂದರೆ, ನಿಮ್ಮ ತಂಡದ ಬಗ್ಗೆ ನೀವೇ ಮೊದಲು ನಗುವುದು. ಆರ್‌ಸಿಬಿ ಅಭಿಮಾನಿಗಳಿಗೆ ಈ ವಿದ್ಯೆ ವರ್ಷಗಟ್ಟಲೆ ಸೋತು ಸೋತು ಒಲಿದದ್ದು. "ಈ ಸಲ ಕಪ್ ನಮ್ದೇ" ಎಂಬ ಘೋಷಣೆ ನಂಬಿಕೆಯೂ ಆಗಿತ್ತು, ನಮ್ಮ ಮೇಲೆ ನಾವೇ ಮಾಡಿಕೊಂಡ ತಮಾಷೆಯೂ ಆಗಿತ್ತು. 2023ರಲ್ಲಿ ನಾಯಕ ಫಾಫ್ ಡು ಪ್ಲೆಸಿ ಅದನ್ನು ಹೇಳಲು ಹೋಗಿ ನಾಲಿಗೆ ತಪ್ಪಿ "ಈ ಸಲ ಕಪ್ ನಹೀ" ಎಂದುಬಿಟ್ಟರು. ಪಕ್ಕದಲ್ಲಿದ್ದ ಕೊಹ್ಲಿ ನಕ್ಕರು, ಕನ್ನಡ ನಾಡೂ ನಕ್ಕಿತು. ಹಿಂದಿ ಬಲ್ಲ ಹೈದರಾಬಾದಿನವರಿಗಂತೂ ಅನುವಾದವೇ ಬೇಕಿರಲಿಲ್ಲ. ನೀವೇ ಮೊದಲು ನಕ್ಕ ಮಾತನ್ನು ಎದುರಾಳಿ ಎತ್ತಿ ಆಡಿದರೆ ಅದು ನಿಮಗೆ ಚುಚ್ಚುವುದಿಲ್ಲ.

ಹತ್ತು ದಿನಗಳ ಒಂದು ಪ್ರಕರಣ

2024ರ ಏಪ್ರಿಲ್ ತಿಂಗಳನ್ನೇ ತೆಗೆದುಕೊಳ್ಳೋಣ. 15ರಂದು ಚಿನ್ನಸ್ವಾಮಿಯಲ್ಲಿ ಸನ್‌ರೈಸರ್ಸ್ 3 ವಿಕೆಟ್ಟಿಗೆ 287 ರನ್ ಹೊಡೆದರು. ಟ್ರಾವಿಸ್ ಹೆಡ್ 41 ಚೆಂಡುಗಳಲ್ಲಿ 102. ನಮ್ಮ ನಾಲ್ವರು ಬೌಲರುಗಳು ತಲಾ 50ಕ್ಕೂ ಹೆಚ್ಚು ರನ್ ಕೊಟ್ಟರು. ನಮ್ಮವರೂ ಬಿಡದೆ 262 ಹೊಡೆದರು, ದಿನೇಶ್ ಕಾರ್ತಿಕ್ 35 ಚೆಂಡಿಗೆ 83. ಆದರೂ 25 ರನ್ನಿನ ಸೋಲು. ಮರುದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನೀವಿಬ್ಬರೂ ಎದುರಾದಿರೆಂದು ಇಟ್ಟುಕೊಳ್ಳಿ. ಮಾತು ತೆಲುಗಿನಲ್ಲೇ ನಡೆಯುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಏನು ಮಾವಾ, ನಿಮ್ಮ ಬೌಲರುಗಳು ಚೆನ್ನಾಗಿ ಮಲಗಿದರಾ?"

"ಅವರು ಮಲಗಿದರು. ಚೆಂಡು ಹುಡುಕಲು ಹೋದವರು ಇನ್ನೂ ಮನೆಗೆ ಬಂದಿಲ್ಲ."

"287! ನಿಮ್ಮೂರಿನ ಪಿನ್‌ಕೋಡೇ ಅರ್ಧ ಬರೆದುಬಿಟ್ಟೆವು."

"ನಾವೂ 262 ಹೊಡೆದೆವಲ್ಲ. ಸೋಲುವುದಕ್ಕೂ ಅಷ್ಟು ಹೊಡೆಯಬೇಕಾದರೆ ಅದು ನಿಮ್ಮ ಬೌಲರುಗಳಿಗೆ ಹೊಗಳಿಕೆಯಾ?"

ಇಲ್ಲಿ ನಡೆದದ್ದನ್ನು ಗಮನಿಸಿ. ಅವನು ಮೊದಲು ಹೊಡೆದ, ಅದು ಗೆದ್ದವನ ಹಕ್ಕು. ನೀವು ಅದನ್ನು ತಡೆಯಲಿಲ್ಲ. ಒಪ್ಪಿಕೊಂಡು ಇನ್ನೂ ದೊಡ್ಡದು ಮಾಡಿದಿರಿ. ನಂತರ ನಿಮ್ಮ ಸೋಲಿನೊಳಗಿನಿಂದಲೇ ಒಂದು ಸಂಖ್ಯೆ ಹೆಕ್ಕಿ ಅವನ ಕಡೆಗೆ ತಿರುಗಿಸಿದಿರಿ. ಎಲ್ಲವೂ ರನ್ನು, ಚೆಂಡು, ಬೌಲರು. ಯಾರ ಮೈಬಣ್ಣವೂ, ಭಾಷೆಯೂ, ಮನೆತನವೂ ಬರಲಿಲ್ಲ.

ಈಗ ಅದೇ ಮಾತು ಜಾರುವುದನ್ನೂ ನೋಡಿ. ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಬಹಳ ತಾಪತ್ರಯವಿತ್ತು. ಗೆಳೆಯ ಹುರುಪಿನಲ್ಲಿ, "ನಿಮ್ಮೂರಿನಲ್ಲಿ ಬರ ನೀರಿಗೆ ಮಾತ್ರ, ರನ್ನಿಗಿಲ್ಲ" ಎಂದ. ಮಾತು ಚುರುಕಾಗಿದೆ, ಆದರೆ ಅದೀಗ ಆಟದಿಂದ ಜನರ ಕಷ್ಟಕ್ಕೆ ಕಾಲಿಟ್ಟಿದೆ. ನೀವು ಮುಖ ಗಂಟಿಕ್ಕಿದರೆ ಜಗಳ. ಅವನೂರಿನ ಮಳೆಗಾಲದ ನೆರೆಯ ಬಗ್ಗೆ ತಿರುಗಿ ಅಂದರೆ ಇನ್ನೂ ದೊಡ್ಡ ಜಗಳ. ಮೆಲ್ಲಗೆ ಹೀಗೆನ್ನಬಹುದು: "ನೀರಿನ ಮಾತು ಬೇಡ ಕಣೋ, ನಮ್ಮಜ್ಜಿ ಅಲ್ಲಿ ಟ್ಯಾಂಕರ್ ಕಾಯುತ್ತಾ ಕೂತಿದ್ದಾರೆ. ರನ್ನಿನ ಮಾತು ಎಷ್ಟು ಬೇಕಾದರೂ ಆಡು, 287 ಸಲ ಆಡು." ಗಡಿ ಎಲ್ಲಿದೆ ಎಂದು ಹೇಳಿದಿರಿ, ಏಕೆಂಬುದನ್ನೂ ಹೇಳಿದಿರಿ, ಆಟಕ್ಕೆ ಮರಳುವ ದಾರಿಯನ್ನೂ ಅವನಿಗೆ ತೆರೆದಿಟ್ಟಿರಿ. ಒಳ್ಳೆಯ ಗೆಳೆಯನಿಗೆ ಇಷ್ಟು ಸಾಕು.

ಉತ್ತರ ಕೊಡುವ ದಿನ ಬಹಳ ದೂರವಿರಲಿಲ್ಲ. ಸತತ 6 ಪಂದ್ಯ ಸೋತಿದ್ದ ಆರ್‌ಸಿಬಿ, ಏಪ್ರಿಲ್ 25ರಂದು ಉಪ್ಪಲ್ಲಿಗೇ ಬಂದು 206 ರನ್ ಹೊಡೆದು, ಸನ್‌ರೈಸರ್ಸನ್ನು 171ಕ್ಕೆ ನಿಲ್ಲಿಸಿತು. 35 ರನ್ನಿನ ಗೆಲುವು. ಈಗ ಸರದಿ ನಿಮ್ಮದು. "25ರ ಸಾಲಕ್ಕೆ 35 ತೀರಿಸಿದ್ದೇವೆ, 10 ಬಡ್ಡಿ" ಎಂದರೆ ಸಾಕು. ಹತ್ತು ದಿನ ನೀವು ಕೇಳಿಸಿಕೊಂಡಿರಿ, ಈಗ ಅವನು ಕೇಳಿಸಿಕೊಳ್ಳುತ್ತಾನೆ. ಅದೇ ವರ್ಷ ಸನ್‌ರೈಸರ್ಸ್ ಫೈನಲ್ ತಲುಪಿ, ಮೇ 26ರಂದು ಕೋಲ್ಕತ್ತಾದೆದುರು 113ಕ್ಕೆ ಆಲೌಟಾದರು. ಅಂದು ರಾತ್ರಿಯೇ "287 ಎಲ್ಲಿ ಹೋಯಿತು?" ಎಂದು ಕೇಳಬಹುದಿತ್ತು. ಕೇಳಬೇಡಿ. ಫೈನಲ್ ಸೋತ ರಾತ್ರಿ ಹೇಗಿರುತ್ತದೆಂದು ಆರ್‌ಸಿಬಿಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ದಿನ ಬಿಟ್ಟು ಕೇಳಿದರೆ ಅವನೇ ನಗುತ್ತಾನೆ.

ಬೀಗರ ಹಾಡಿನ ನೀತಿ

ಈ ವಿದ್ಯೆ ನಮಗೆ ಹೊಸದೇನಲ್ಲ. ನಿಮ್ಮ ಅಜ್ಜಿಯನ್ನು ಬೀಗರ ಹಾಡುಗಳ ಬಗ್ಗೆ ಕೇಳಿ ನೋಡಿ. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಗೇಲಿ ಮಾಡುತ್ತಿದ್ದರು. ಬೀಗರ ಹೊಟ್ಟೆ, ಬೀಗಿತ್ತಿಯ ಬಿಂಕ, ಅವರ ಜಿಪುಣತನ ಎಲ್ಲವೂ ಹಾಡಿಗೆ ಬರುತ್ತಿತ್ತು. ಆ ಕಡೆಯವರು ಹಾಡಿನಲ್ಲೇ ಉತ್ತರ ಕೊಡುತ್ತಿದ್ದರು. ತೆಲುಗರ ಮದುವೆಗಳಲ್ಲೂ ವಿಯ್ಯಾಲವಾರನ್ನು, ಅಂದರೆ ಬೀಗರನ್ನು, ಹೀಗೆಯೇ ಹಾಡಿ ಕೆಣಕುವ ರೂಢಿಯಿದೆ. ನಿಮ್ಮ ಗೆಳೆಯನ ಅಜ್ಜಿಗೂ ಇದು ಗೊತ್ತಿರಲು ಸಾಕು.

ಅಪರಿಚಿತರ ಮೇಲೆ ಯಾರೂ ಹೀಗೆ ಹಾಡುವುದಿಲ್ಲ. ಬೀಗರು ಪೂರ್ತಿ ನಮ್ಮವರೂ ಅಲ್ಲ, ಇನ್ನು ಮುಂದೆ ಪರಕೀಯರೂ ಅಲ್ಲ. ರ‍್ಯಾಡ್‌ಕ್ಲಿಫ್-ಬ್ರೌನ್ ಎಂಬ ಮಾನವಶಾಸ್ತ್ರಜ್ಞರು 1940ರಲ್ಲಿ ಬರೆದ ಲೇಖನವೊಂದರಲ್ಲಿ ಇಂಥ ಸಂಬಂಧಗಳನ್ನೇ ವಿವರಿಸಿದರು. ಎರಡು ಕಡೆಯವರ ನಡುವೆ ನಂಟೂ ಇರುತ್ತದೆ, ಅಂತರವೂ ಇರುತ್ತದೆ. ಕೀಟಲೆ ಮಾಡಲು ಒಬ್ಬನಿಗೆ ಅನುಮತಿ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂಬುದು ಇನ್ನೊಬ್ಬನ ಕಟ್ಟು. ಕೂಕಟ್‌ಪಲ್ಲಿಯಲ್ಲಿ ನಿಮ್ಮ ಸ್ಥಿತಿಯೂ ಇದೇ ತಾನೇ? ಈ ಊರಿಗೆ ನೀವು ಅತಿಥಿಗಳಲ್ಲ, ಆದರೆ ಏಪ್ರಿಲ್ ತಿಂಗಳಲ್ಲಿ ಪೂರ್ತಿ ಈ ಊರಿನ ಕಡೆಯವರೂ ಅಲ್ಲ. ತೆಲುಗು ಹುಡುಗರು ಗೆಳೆಯನನ್ನು 'ಮಾವಾ', 'ಬಾವಾ' ಎಂದು ಕರೆಯುವುದರಲ್ಲೂ ಈ ನಂಟಿನ ಸಲಿಗೆಯೇ ಇದೆ. ಆದರೆ ಅನುಮತಿ ಇಬ್ಬರಿಗೂ ಇರಬೇಕು. ಒಬ್ಬನೇ ಹಾಡುತ್ತಿದ್ದು, ಇನ್ನೊಬ್ಬ ಬರೀ ಕೇಳುತ್ತಿದ್ದರೆ ಅದು ಬೀಗರ ಹಾಡಲ್ಲ.

ಜಾರಿದ್ದನ್ನು ತಿಳಿಯುವುದು ಹೇಗೆ?

ಬೈಗುಳ ಒಮ್ಮೆಲೇ ಬರುವುದಿಲ್ಲ. ಅದಕ್ಕೆ ಮೊದಲು ಮಾತಿನ ಕರ್ತೃ ಬದಲಾಗುತ್ತದೆ. "ನಿಮ್ಮ ಬೌಲರು" ಎನ್ನುತ್ತಿದ್ದವನು "ನೀವು ಕನ್ನಡದವರು" ಎನ್ನತೊಡಗುತ್ತಾನೆ. ಅಥವಾ, ಇದನ್ನೂ ಒಪ್ಪಿಕೊಳ್ಳಿ, ನೀವೇ "ಈ ತೆಲುಗರೇ ಹೀಗೆ" ಎನ್ನತೊಡಗುತ್ತೀರಿ. ಅಂಕಿಗಳು ಮಾಯವಾಗಿ ವಿಶೇಷಣಗಳು ಬರುತ್ತವೆ. ಕೊನೆಗೆ "ಹಾಗಾದರೆ ಬೆಂಗಳೂರಿಗೇ ಹೋಗು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬೌಲರ ಬಗ್ಗೆ ಅಂದರೆ ಅವನು ನಾಳೆ ಚೆನ್ನಾಗಿ ಬೌಲ್ ಮಾಡಿ ಉತ್ತರ ಕೊಡಬಹುದು. ಹುಟ್ಟಿದ ಭಾಷೆಯ ಬಗ್ಗೆ ಅಂದರೆ ಯಾವ ಪಂದ್ಯ ಗೆದ್ದು ಉತ್ತರ ಕೊಡುವುದು?

ಇದಕ್ಕೆ ದೊಡ್ಡ ನಿದರ್ಶನ ನಮ್ಮ ಎರಡೂ ಊರಿಗೆ ಸಂಬಂಧಪಟ್ಟ ಒಬ್ಬ ಆಟಗಾರನದು. ಮೊಹಮ್ಮದ್ ಸಿರಾಜ್ ಹೈದರಾಬಾದಿನ ಆಟೋ ಚಾಲಕರೊಬ್ಬರ ಮಗ. ಐಪಿಎಲ್ಲಿನಲ್ಲಿ 2017ರಲ್ಲಿ ಸನ್‌ರೈಸರ್ಸ್ ಪರ ಆಡಿ, 2018ರಿಂದ 2024ರವರೆಗೆ ಆರ್‌ಸಿಬಿ ಪರ ಆಡಿದರು. 2021ರ ಜನವರಿಯಲ್ಲಿ ಸಿಡ್ನಿ ಟೆಸ್ಟಿನಲ್ಲಿ ಅವರು ಬೌಂಡರಿ ಗೆರೆಯ ಬಳಿ ನಿಂತಿದ್ದಾಗ ಪ್ರೇಕ್ಷಕರ ಕಡೆಯಿಂದ ಜನಾಂಗ ನಿಂದನೆಯ ಮಾತುಗಳು ಬಂದವು. ಗೆರೆಯ ಬಳಿ ನಿಂತ ಫೀಲ್ಡರನನ್ನು ಪ್ರೇಕ್ಷಕರು ಕೆಣಕುವುದು ಕ್ರಿಕೆಟ್ಟಿನ ಹಳೆಯ ಪದ್ಧತಿ. ಎಷ್ಟು ರನ್ ಕೊಟ್ಟೆ, ಕ್ಯಾಚ್ ಏಕೆ ಬಿಟ್ಟೆ ಎಂದು ಕೂಗಿದರೆ ಯಾವ ಫೀಲ್ಡರನೂ ದೂರು ಕೊಡುವುದಿಲ್ಲ. ಇಲ್ಲಿ ಮಾತು ಆಟ ಬಿಟ್ಟು ಹುಟ್ಟಿಗೆ ಹೋಯಿತು. ಸಿರಾಜ್ ತಿರುಗಿ ಬೈಯಲಿಲ್ಲ. ನಾಯಕ ರಹಾನೆಗೆ ಹೇಳಿದರು, ರಹಾನೆ ಅಂಪೈರುಗಳಿಗೆ ಹೇಳಿದರು. ಜನವರಿ 10ರಂದು ಆಟ ಕೆಲ ನಿಮಿಷ ನಿಂತಿತು. ಬೇಕಾದರೆ ಮೈದಾನ ಬಿಟ್ಟು ಹೋಗಬಹುದೆಂದು ಅಂಪೈರುಗಳು ಹೇಳಿದಾಗ ರಹಾನೆ ಒಪ್ಪಲಿಲ್ಲ, ಆಡಿಯೇ ಆಡುತ್ತೇವೆ ಎಂದರು. ಭಾರತದ ಆಟಗಾರರನ್ನು ಜನಾಂಗದ ಹೆಸರಿನಲ್ಲಿ ನಿಂದಿಸಿದ್ದು ನಿಜವೆಂದು ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿಯೇ ನಂತರ ಒಪ್ಪಿತು.

ಸಿರಾಜ್ ಮಾಡಿದ್ದನ್ನು ನೀವೂ ಮಾಡಬಹುದು. ಕೀಟಲೆಗೆ ಕೀಟಲೆಯೇ ಉತ್ತರ, ನಿಂದನೆಗೆ ಕೀಟಲೆ ಉತ್ತರವಲ್ಲ. ಅಲ್ಲಿ ಆಟ ನಿಲ್ಲಿಸಿ, ಇದು ಆಟವಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು, ಜೊತೆಗಿರುವ ಮೂರನೆಯವನಿಗೂ ಅದು ಕೇಳಿಸಬೇಕು. ಎಷ್ಟೋ ವೇಳೆ ಆ ಮೂರನೆಯವನೇ ಅದನ್ನು ಹೇಳಬೇಕಾದವನು. ನಿಮ್ಮ ಕಡೆಯ ಹುಡುಗನೊಬ್ಬ ತೆಲುಗು ಗೆಳೆಯನ ಮೇಲೆ ಹದ ತಪ್ಪಿದಾಗ ಅವನನ್ನು ತಡೆಯುವ ಕೆಲಸ ನಿಮ್ಮದು, ಆ ಗೆಳೆಯನದಲ್ಲ.

ಮಾತೇ ಬೇಡವಾದ ಒಂದು ದಿನ

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪುರುಷರ ತಂಡ ಪಂಜಾಬನ್ನು 6 ರನ್ನಿನಿಂದ ಸೋಲಿಸಿ, 18ನೇ ಐಪಿಎಲ್ಲಿನಲ್ಲಿ ಮೊದಲ ಸಲ ಕಪ್ ಎತ್ತಿತು. ಮಹಿಳೆಯರ ತಂಡ ಅದಕ್ಕೂ ಮೊದಲೇ, 2024ರ ಮಾರ್ಚ್ 17ರಂದು, ತನ್ನ ಕಪ್ ತಂದಿತ್ತು. ವರ್ಷಗಟ್ಟಲೆ ಕೂಡಿಟ್ಟ ಉತ್ತರಗಳನ್ನೆಲ್ಲ ಒಟ್ಟಿಗೆ ಹೇಳಿ ಮುಗಿಸುವ ಹೊತ್ತದು. ಆದರೆ ಮರುದಿನವೇ, ಜೂನ್ 4ರಂದು, ಚಿನ್ನಸ್ವಾಮಿ ಮೈದಾನದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು.

ಇಂಥ ದಿನ ಎರಡೂ ಕಡೆಯವರ ಕೆಲಸ ಒಂದೇ. ನಿಮ್ಮ ಜಂಬದ ಮಾತುಗಳನ್ನು ನೀವು ನುಂಗಿಕೊಳ್ಳುತ್ತೀರಿ, ಅವನು ತನ್ನ ಕೊಂಕನ್ನು ನುಂಗಿಕೊಳ್ಳುತ್ತಾನೆ. "ನಿಮ್ಮವರು ಯಾರಾದರೂ ಅಲ್ಲಿಗೆ ಹೋಗಿದ್ದರಾ?" ಎಂದು ಕೇಳಿ ಬಾಗಿಲು ತಟ್ಟುವ ಹೈದರಾಬಾದಿ ಅಭಿಮಾನಿಯನ್ನು ಜನ್ಮಪೂರ್ತಿ ಗೆಳೆಯನೆಂದು ಇಟ್ಟುಕೊಳ್ಳಿ. ಆಮೇಲೆ ಕಪ್ಪಿನ ಮಾತು ಮತ್ತೆ ಬರಬಹುದು. ಆ ಸಾವುಗಳು ಮಾತ್ರ ಎಂದಿಗೂ ಯಾರ ಕೀಟಲೆಗೂ ಸರಕಾಗಬಾರದು.

ಮಾ, ಮನ

ಕೊನೆಗೆ, ಎರಡು ಭಾಷೆ ಬಲ್ಲ ನಿಮಗಷ್ಟೇ ಸುಲಭವಾಗಿ ಹೊಳೆಯುವ ಒಂದು ಮಾತು. ನಾವು "ಕಪ್ ನಮ್ದೇ" ಎನ್ನುವಾಗ ಆ 'ನಮ್ಮ'ದಲ್ಲಿ ಕೇಳುವವನು ಸೇರಿದ್ದಾನೋ ಇಲ್ಲವೋ ಎಂದು ಇಂದಿನ ಕನ್ನಡ ಹೇಳುವುದಿಲ್ಲ. ತೆಲುಗು ಹೇಳುತ್ತದೆ. 'ಮಾದೇ' ಎಂದರೆ ನಮ್ಮದೇ, ನಿನ್ನದಲ್ಲ. 'ಮನದೇ' ಎಂದರೆ ನಮ್ಮೆಲ್ಲರದು, ನಿನ್ನದೂ ಸೇರಿ. ಪಂದ್ಯದ ದಿನ ಇಬ್ಬರೂ 'ಮಾದೇ' ಎಂದೇ ಕೂಗಬೇಕು, ಇಲ್ಲದಿದ್ದರೆ ಆಟದಲ್ಲಿ ರುಚಿಯಿಲ್ಲ. ಆದರೆ ಅದರ ಅಡಿಯಲ್ಲಿ ಒಂದು 'ಮನ' ಇದ್ದರೆ ಮಾತು ಎಷ್ಟು ಚುರುಕಾದರೂ ಕೆಡುವುದಿಲ್ಲ.

ಈ 'ಮನ'ಕ್ಕೆ ಕ್ರಿಕೆಟ್ಟಿನಲ್ಲೇ ಸಾಕ್ಷಿ ಇದೆ. 2000ದ ಏಪ್ರಿಲ್‌ನಲ್ಲಿ ರಣಜಿ ಸೆಮಿಫೈನಲ್ಲಿನಲ್ಲಿ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ಬೆಂಗಳೂರಿಗೇ ಬಂದು ಕರ್ನಾಟಕದ ವಿರುದ್ಧ 353 ರನ್ ಹೊಡೆದರು. ಅದು ಅಪ್ಪಟ 'ಮಾ'. ಒಂದು ವರ್ಷ ತುಂಬುವ ಮೊದಲೇ, 2001ರ ಮಾರ್ಚ್ 14ರಂದು, ಅದೇ ಲಕ್ಷ್ಮಣ್ ಮತ್ತು ನಮ್ಮ ರಾಹುಲ್ ದ್ರಾವಿಡ್ ಈಡನ್ ಗಾರ್ಡನ್ಸಿನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಇಡೀ ದಿನ ಔಟಾಗದೆ ನಿಂತರು. ಜೊತೆಯಾಟ 376. ಫಾಲೋಆನ್ ಪಡೆದಿದ್ದ ಭಾರತ ಆ ಪಂದ್ಯವನ್ನು 171 ರನ್ನಿನಿಂದ ಗೆದ್ದಿತು.

ಆದ್ದರಿಂದ ಮುಂದಿನ ಏಪ್ರಿಲ್‌ನಲ್ಲಿ ಗೆಳೆಯ "ಚಪ್ಪಾಳೆ ಬೆಂಗಳೂರಿಗಾ?" ಎಂದು ಕೇಳಿದರೆ ಹೀಗೆನ್ನಿ: "ಚಪ್ಪಾಳೆ ಅಲ್ಲಿಗೆ, ಬಿರಿಯಾನಿ ಇಲ್ಲಿಯದು. ಸೋತವರು ಕೊಡಿಸಬೇಕು." ಯಾರು ಸೋತರೂ ಊಟಕ್ಕೆ ಇಬ್ಬರೂ ಹೋಗುತ್ತೀರಿ.